ಅಂಕ ಎಲ್ಲಿ ಹೋಯ್ತು? ಪರೀಕ್ಷಕರ ಕಮೆಂಟ್ಸ್ ಓದೋದು ಹೇಗೆ

ಇವತ್ತಿನ ಮಾತು ಸಿಎ ಇಂಟರ್‌ಮೀಡಿಯೆಟ್ ಬರೆಯೋರಿಗೆ. ನಿಮಗೆ ಗೊತ್ತಿರೋ ಹಾಗೆ, ಪ್ರತಿ ಪೇಪರ್‌ನಲ್ಲಿ 40 ಬಂದರೆ ಸಾಲದು, ಗ್ರೂಪ್‌ನ ಒಟ್ಟು ಅಂಕದಲ್ಲಿ ಶೇಕಡಾ 50 ಬೇಕು. ಹಾಗಾಗಿ ಗೊತ್ತಿದ್ದೂ ಕಳ್ಕೊಂಡ ನಾಲ್ಕೈದು ಅಂಕ ಇನ್ನೊಂದು ಅಟೆಂಪ್ಟ್‌ಗೆ ತಳ್ಳಿಬಿಡಬಹುದು.

ಐಸಿಎಐ ಹಿಂದಿನ ಪರೀಕ್ಷೆಗಳ ಸಜೆಸ್ಟೆಡ್ ಆನ್ಸರ್ಸ್ ಪ್ರಕಟಿಸುತ್ತೆ. ಅದನ್ನ ಎಲ್ಲರೂ ಡೌನ್‌ಲೋಡ್ ಮಾಡ್ತೀವಿ. ಎಕ್ಸಾಮಿನರ್ಸ್ ಕಮೆಂಟ್ಸ್ ಅಂತ ಬಂದಿರೋದನ್ನ ಮಾತ್ರ ಯಾರೂ ತೆರೆಯಲ್ಲ. ಪ್ರತಿ ಪ್ರಶ್ನೆಗೆ ಎರಡು ಮೂರು ಸಾಲು ಇರುತ್ತೆ, ಭಾಷೆ ಸರ್ಕಾರಿ ಪತ್ರದ ಥರ. ಸುಮ್ನೆ ಓದ್ಕೊಂಡು ಹೋದ್ರೆ 'ಓ, ಇವರೆಲ್ಲ ತಪ್ಪು ಮಾಡಿದ್ದಾರೆ' ಅನ್ನಿಸುತ್ತೆ, ಅಷ್ಟೇ. ಮೊದಲು ಆ ಪ್ರಶ್ನೆನ ನೀವೇ ಪೆನ್ನಲ್ಲಿ ಬರೆದು ಮುಗಿಸಿ. ಆಮೇಲೆ ಕಮೆಂಟ್ ಓದಿ.

ಒಂದು ಲೆಕ್ಕ ನೋಡೋಣ. ಅಂಕಿಗಳು ನನ್ನವು, ತಪ್ಪು ಮಾಮೂಲಿದು. ಮೆಷಿನ್ ಬೆಲೆ 10,00,000, ಅದರ ಮೇಲೆ ಜಿಎಸ್‌ಟಿ 1,80,000, ಅದಕ್ಕೆ ಪೂರ್ತಿ ಇನ್‌ಪುಟ್ ಕ್ರೆಡಿಟ್ ಸಿಗುತ್ತೆ. ಸಾಗಣೆ 40,000, ಜೋಡಣೆ 60,000, ನೌಕರರ ತರಬೇತಿ 30,000. ಮೆಷಿನ್‌ನ ವೆಚ್ಚ ಎಷ್ಟು? ಎಎಸ್ 10 ಪ್ರಕಾರ 11,00,000. ಕ್ರೆಡಿಟ್ ಸಿಗೋ ತೆರಿಗೆ ವೆಚ್ಚ ಅಲ್ಲ, ತರಬೇತಿನೂ ಸೇರಲ್ಲ. ತರಬೇತಿ ಸೇರಿಸಿದವರಿಗೆ 11,30,000 ಬರುತ್ತೆ. ಮುಂದೆ ಶೇಕಡಾ 10 ಸ್ಟ್ರೇಟ್ ಲೈನ್ ಡಿಪ್ರಿಸಿಯೇಷನ್ 1,10,000 ಆಗೋ ಕಡೆ 1,13,000 ಆಗುತ್ತೆ.

ಈಗ ಕಮೆಂಟ್‌ನಲ್ಲಿ 'ವೆಚ್ಚದಲ್ಲಿ ಸೇರದ ಬಾಬ್ತು ಸೇರಿಸಿದ್ದಾರೆ' ಅಂತಿದ್ರೆ ಅದು ಗೊತ್ತಿಲ್ಲದ ತಪ್ಪು, ಸ್ಟ್ಯಾಂಡರ್ಡ್ ಮತ್ತೆ ಓದಬೇಕು. 'ವರ್ಕಿಂಗ್ ನೋಟ್ಸ್ ಕೊಟ್ಟಿಲ್ಲ' ಅಂತಿದ್ರೆ ಅದು ಬರೆಯೋ ತಪ್ಪು. ಇದಕ್ಕೆ ಪುಸ್ತಕ ಓದಿ ಪ್ರಯೋಜನ ಇಲ್ಲ, ಕೈಗೆ ಅಭ್ಯಾಸ ಆಗಬೇಕು. 11,30,000 ಅಂತ ಬರೀ ಮೊತ್ತ ಬರೆದವರ ಸಾಗಣೆ, ಜೋಡಣೆ ಸರಿಯಿದೆ ಅನ್ನೋದು ಪರೀಕ್ಷಕರಿಗೆ ಕಾಣೋದೇ ಇಲ್ಲ. ಬಿಡಿಸಿ ಬರೆದವರಿಗೆ ಸರಿಯಾದ ಹಂತಗಳಿಗಾದ್ರೂ ಅಂಕ ಸಿಗೋ ಅವಕಾಶ ಇರುತ್ತೆ. ನಂದು ಹೆಚ್ಚಾಗಿ ಈ ಎರಡನೇ ಜಾತಿ ತಪ್ಪು. ಉತ್ತರ ತಲೆಯಲ್ಲೇ ಕೂಡಿಸಿ ಬರೀತಿದ್ದೆ, ಅದನ್ನೇ ಜಾಣತನ ಅನ್ಕೊಂಡಿದ್ದೆ!

ಹೀಗೆ ಒಂದು ಪೇಪರ್ ಮುಗಿಸಿ, ನಿಮ್ಮ ಉತ್ತರದ ಪಕ್ಕ 'ಗೊತ್ತಿಲ್ಲ' ಇಲ್ಲಾ 'ಬರೆದಿಲ್ಲ' ಅಂತ ಗುರುತು ಹಾಕಿ. ಯಾವುದು ಜಾಸ್ತಿ ಅಂತ ಎಣಿಸಿ.

ಒಂದು ಎಚ್ಚರಿಕೆ. ಹೊಸ ಸ್ಕೀಮ್‌ನ ಇಂಟರ್ ಪರೀಕ್ಷೆ ಶುರುವಾಗಿದ್ದು 2024ರ ಮೇನಲ್ಲಿ. ಅದಕ್ಕೂ ಹಿಂದಿನ ಟ್ಯಾಕ್ಸ್, ಲಾ ಕಮೆಂಟ್ಸ್‌ನಲ್ಲಿರೋ ಸೆಕ್ಷನ್, ಮಿತಿ ಈಗ ಬದಲಾಗಿರಬಹುದು, ಅವನ್ನ ಈಗಿನ ಸ್ಟಡಿ ಮೆಟೀರಿಯಲ್‌ನಲ್ಲೇ ನೋಡ್ಕೊಳ್ಳಿ. ಸೆಕ್ಷನ್ ಹೇಳದೆ ನೇರ ತೀರ್ಮಾನ ಬರೆದ್ರು ಅನ್ನೋ ಥರದ ದೂರು ಮಾತ್ರ ಯಾವ ಸ್ಕೀಮ್‌ಗೂ ಹಳೇದಾಗಲ್ಲ.