ಸ್ಕ್ರಿಪ್ಟಿನಿಂದ ಷಾಟ್ ಪಟ್ಟಿಗೆ



ರೇಡಿಯೋದಲ್ಲಿ ಸಂದರ್ಶನ ನಡೆಸುವವನಿಗೆ ಒಂದು ಸೌಕರ್ಯವಿದೆ. ಪ್ರಶ್ನೆ ಕೇಳಿಸಿತು, ಉತ್ತರ ಕೇಳಿಸಿತು, ಅಲ್ಲಿಗೆ ಕೆಲಸ ಮುಗಿಯಿತು. ಮಾತಾಡುವವರು ಎಲ್ಲಿ ಕುಳಿತಿದ್ದಾರೆ, ಯಾವ ಕಡೆ ನೋಡುತ್ತಿದ್ದಾರೆ ಎಂಬ ಚಿಂತೆ ಅವನಿಗಿಲ್ಲ. ಕ್ಯಾಮರಾ ಬಂದೊಡನೆ ಈ ಸೌಕರ್ಯ ಹೋಗುತ್ತದೆ. ನಮ್ಮ ಸೀಮೆಗೆ ಆ ಅನುಭವ ಬೇಗನೆ ಬಂತು. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೆಲಿವಿಷನ್ ತೋರಿಸಿದ ಪ್ರಯೋಗದಲ್ಲಿ ಕರ್ನಾಟಕದಿಂದ ಆರಿಸಿಕೊಂಡ ಜಿಲ್ಲೆಗಳಲ್ಲಿ ಅಂದಿನ ಗುಲಬರ್ಗಾ ಜಿಲ್ಲೆಯೂ ಒಂದು. ಇಂದು ಕಲಬುರಗಿಯಲ್ಲಿ ಒಂದೇ ಕ್ಯಾಮರಾ ಹಿಡಿದುಕೊಂಡು ಸಂದರ್ಶನ ಮಾಡಹೊರಡುವ ತರುಣರು ಎಷ್ಟೋ ಮಂದಿ. ಅವರಲ್ಲಿ ಹಲವರು ಸ್ಕ್ರಿಪ್ಟನ್ನು ಸೊಗಸಾಗಿ ಬರೆಯುತ್ತಾರೆ. ಆ ಸ್ಕ್ರಿಪ್ಟನ್ನೇ ಕೈಯಲ್ಲಿ ಹಿಡಿದು ಚಿತ್ರೀಕರಣಕ್ಕೆ ಹೋಗುತ್ತಾರೆ. ಅಲ್ಲಿಯೇ ಎಡವುವುದು. ನಾನೂ ಹಾಗೆ ಎಡವಿದವನೇ. ಆದ್ದರಿಂದ ಈ ಹೊತ್ತು, ಮುಗಿದ ಸ್ಕ್ರಿಪ್ಟಿನಿಂದ ಷಾಟ್ ಪಟ್ಟಿಯನ್ನು ಮಾಡಿಕೊಳ್ಳುವ ಬಗೆಯನ್ನು ಒಂದು ಉದಾಹರಣೆಯ ಮೂಲಕ ಹೇಳುತ್ತೇನೆ.

ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿ ಹೋದರೆ ಕಮಲಾಪುರ ಸಿಗುತ್ತದೆ. ಅಲ್ಲಿಯ ಕೆಂಪು ಬಾಳೆಹಣ್ಣನ್ನು ತಾವೆಲ್ಲ ಬಲ್ಲಿರಿ. ಭೌಗೋಳಿಕ ಗುರುತಿನ ನೋಂದಣಿ ಪಡೆದ ಹಣ್ಣು ಅದು. ಆದರೆ ಬೇರೆ ಬಾಳೆಗಿಂತ ಬಹಳ ತಡವಾಗಿ ಕೈಗೆ ಬರುವ ಬೆಳೆ. ಸುಮಾರು ಒಂದೂವರೆ ವರ್ಷ ಕಾಯಬೇಕು. ಹೀಗೆ ಕಾದು ಬೆಳೆಯುವ ಒಬ್ಬ ಹಿರಿಯ ರೈತರನ್ನು ಕುರಿತು ಎಂಟು ನಿಮಿಷದ ಚಿತ್ರಕ್ಕೆ ನಾನು ಸ್ಕ್ರಿಪ್ಟು ಬರೆದಿದ್ದೆ. ಮೊದಲೇ ಒಮ್ಮೆ ಹೋಗಿ ಅವರೊಡನೆ ಮಾತಾಡಿ ಬಂದಿದ್ದರಿಂದ ಐದು ಪ್ರಶ್ನೆಗಳೂ, ಅವಕ್ಕೆ ಬರಬಹುದಾದ ಉತ್ತರಗಳ ಸಾರವೂ ಅದರಲ್ಲಿದ್ದವು. ಚಿತ್ರ ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಹಣ್ಣಿನ ಗಾಡಿಯಿಂದ ಶುರುವಾಗಿ, ಕಮಲಾಪುರದ ತೋಟಕ್ಕೆ ಹೋಗಿ, ಬೇವಿನ ಮರದ ಕೆಳಗೆ ಸಂದರ್ಶನ ಮುಗಿಸಿ, ಮತ್ತೆ ಅದೇ ಗಾಡಿಗೆ ಬಂದು ನಿಲ್ಲುತ್ತಿತ್ತು.

ಮೊದಲ ಕೆಲಸ ಪೆನ್ಸಿಲಿನದು. ಸ್ಕ್ರಿಪ್ಟಿನ ಪುಟದ ಎಡಗಡೆ ಮೂರು ಬೆರಳಗಲ ಜಾಗ ಬಿಟ್ಟು ಉದ್ದಕ್ಕೆ ಒಂದು ಗೆರೆ ಎಳೆಯಬೇಕು. ಬಲಗಡೆ ಮಾತು, ಎಡಗಡೆ ನೋಟ. ಒಂದೊಂದು ವಾಕ್ಯ ಓದಿ, 'ಇದನ್ನು ಕೇಳುವಾಗ ನೋಡುವವನ ಕಣ್ಣು ಏನನ್ನು ಬಯಸುತ್ತದೆ?' ಎಂದು ಕೇಳಿಕೊಳ್ಳಬೇಕು. ಮಾತು ಒಂದು ವಸ್ತುವನ್ನೋ ಕೆಲಸವನ್ನೋ ತೋರುತ್ತಿದ್ದರೆ ಆ ವಸ್ತುವನ್ನು ಎಡಗಡೆ ಬರೆಯಬೇಕು. 'ಗಾಳಿಗೆ ಗಿಡ ಬೀಳದಂತೆ ಊರುಗೋಲು ಕೊಡ್ತೀವಿ' ಎಂದರೆ ಊರುಗೋಲು ಕಾಣಲೇಬೇಕು. ಮಾತಿನಲ್ಲಿ ಮನಸ್ಸು ಇದ್ದರೆ ಮಾತ್ರ 'ಮುಖ' ಎಂದು ಬರೆದು, ಅದರ ಮೇಲೆ ಇನ್ನಾವ ನೋಟವನ್ನೂ ಹೊದಿಸಬಾರದು. ನನ್ನ ಐದನೆಯ ಪ್ರಶ್ನೆ 'ಮುಂದೇನು ಮಾಡಬೇಕಂತೀರಿ, ಕಾಕಾ?' ಎಂಬುದು. ಅದರ ಎದುರಿಗೆ 'ಮುಖ' ಎಂದಷ್ಟೇ ಬರೆದೆ.

ಹೀಗೆ ಗುರುತು ಹಾಕಿದಾಗ ನನಗೆ 24 ನೋಟಗಳು ಸಿಕ್ಕವು. ಆದರೆ 24 ನೋಟಗಳೆಂದರೆ 24 ಷಾಟುಗಳಲ್ಲ. ಸ್ಕ್ರಿಪ್ಟು ಕಥೆಯ ಕ್ರಮದಲ್ಲಿರುತ್ತದೆ. ಪಟ್ಟಿ ಕ್ಯಾಮರಾ ನಿಲ್ಲುವ ಜಾಗದ ಕ್ರಮದಲ್ಲಿರಬೇಕು. ಚಿತ್ರದ ಮೊದಲಿಗೂ ಕೊನೆಗೂ ಬರುವ ಗಾಡಿಯನ್ನು ಒಂದೇ ಸಾರಿ ನಿಂತು ತೆಗೆದರಾಯಿತು. ಒಂದೇ ಜಾಗ, ಒಂದೇ ಬೆಳಕು, ಒಂದೇ ಅಳತೆಯ ನೋಟಗಳನ್ನೆಲ್ಲ ಕೂಡಿಸಿದಾಗ 16 ಷಾಟುಗಳು ಉಳಿದವು. ಬೇವಿನ ಮರದ ಕೆಳಗೆ 6, ತೋಟದಲ್ಲಿ 6, ಮಾರ್ಕೆಟ್ಟಿನಲ್ಲಿ 4. ಪ್ರತಿ ಷಾಟಿನ ಎದುರಿಗೂ ಅದು ಸ್ಕ್ರಿಪ್ಟಿನ ಯಾವ ಸಾಲಿಗೆ ಸೇರಿದ್ದೆಂಬ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಇಲ್ಲವಾದರೆ ಕೂಡಿಸುವ ದಿನ ಯಾವುದು ಯಾವುದಕ್ಕೆಂದು ತಿಳಿಯದೆ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಬೇವಿನ ಮರದ ಕೆಳಗಿನ ಆರು ಷಾಟುಗಳನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಸಂದರ್ಶನದ ಜೀವ ಅಲ್ಲಿರುವುದರಿಂದ. ಮೊದಲನೆಯದು ಇಬ್ಬರೂ ಕಾಣುವ ದೂರದ ಷಾಟ್. ತುಟಿಯ ಚಲನೆ ಸ್ಪಷ್ಟವಾಗಿ ಕಾಣದಷ್ಟು ದೂರ. ಎಲ್ಲಿ ಮಾತನ್ನು ಮೊಟಕುಮಾಡಬೇಕಾದರೂ ಇದು ಹೊದಿಕೆಯಾಗಿ ಬರುತ್ತದೆ. ಎರಡು, ಮೂರು, ನಾಲ್ಕನೆಯವು ರೈತರವು: ಸೊಂಟದಿಂದ ಮೇಲೆ, ಎದೆಯಿಂದ ಮೇಲೆ, ಮುಖ ಮಾತ್ರ. ಮೊದಲೆರಡು ಪ್ರಶ್ನೆಗಳಿಗೆ ಸೊಂಟದ ಅಳತೆ, ನಡುವಿನ ಎರಡಕ್ಕೆ ಎದೆಯ ಅಳತೆ, ಕೊನೆಯದಕ್ಕೆ ಮುಖ ಎಂದು ಪಟ್ಟಿಯಲ್ಲೇ ಬರೆದಿಡಬೇಕು. ಅಳತೆ ಬದಲಾಯಿಸುವುದು ನಾವು ಪ್ರಶ್ನೆ ಕೇಳುತ್ತಿರುವಾಗ ಮಾತ್ರ, ಅವರು ಉತ್ತರ ಹೇಳುತ್ತಿರುವಾಗ ಅಲ್ಲ. ಎಲ್ಲವೂ ಒಂದೇ ಅಳತೆಯಲ್ಲಿದ್ದರೆ ಎರಡು ಮಾತುಗಳನ್ನು ಕೂಡಿಸಿದ ಕಡೆ ಮುಖ ಠಕ್ಕನೆ ಜಿಗಿದಂತೆ ಕಾಣುತ್ತದೆ.

ಐದನೆಯದು ಪ್ರಶ್ನೆ ಕೇಳುವವನ ಷಾಟ್, ಆರನೆಯದು ಅವನು ಸುಮ್ಮನೆ ಆಲಿಸುವ ಷಾಟ್. ಕ್ಯಾಮರಾ ಒಂದೇ ಇರುವುದರಿಂದ ಇವನ್ನು ಸಂದರ್ಶನ ಮುಗಿದ ಮೇಲೆ ತೆಗೆಯಬೇಕು. ಇಲ್ಲೊಂದು ದಿಕ್ಕಿನ ಲೆಕ್ಕವಿದೆ. ಕುಳಿತಿರುವ ಇಬ್ಬರ ನಡುವೆ ಒಂದು ಹಗ್ಗ ಕಟ್ಟಿದೆ ಎಂದು ಭಾವಿಸಿರಿ. ಕ್ಯಾಮರಾ ಆ ಹಗ್ಗವನ್ನು ದಾಟಬಾರದು. ರೈತರನ್ನು ತೆಗೆಯುವಾಗ ಕ್ಯಾಮರಾ ಕೇಳುವವನ ಬಲಭುಜದ ಪಕ್ಕದಲ್ಲಿದ್ದರೆ, ರೈತರು ಪರದೆಯ ಎಡಕ್ಕೆ ನೋಡುವರು. ಕೇಳುವವನನ್ನು ತೆಗೆಯುವಾಗ ಅದು ರೈತರ ಎಡಭುಜದ ಪಕ್ಕಕ್ಕೆ ಬರಬೇಕು. ಆಗ ಅವನು ಬಲಕ್ಕೆ ನೋಡುವನು. ಕೂಡಿಸಿದಾಗ ಇಬ್ಬರೂ ಎದುರುಬದುರಾಗಿ ಕುಳಿತಂತೆ ಇರುತ್ತದೆ. ಹಗ್ಗ ದಾಟಿದರೋ, ಇಬ್ಬರೂ ಒಂದೇ ಕಡೆ ನೋಡುತ್ತ ಮೂರನೆಯವರೊಡನೆ ಮಾತಾಡಿದಂತೆ ಕಾಣುತ್ತದೆ. ಪಟ್ಟಿಯ ಅಂಚಿನಲ್ಲಿ 'ರೈತ ಎಡ, ನಾನು ಬಲ' ಎಂದು ಬರೆದುಕೊಂಡರೆ ಬಿಸಿಲಿನ ಗಡಿಬಿಡಿಯಲ್ಲಿ ಮರೆತುಹೋಗುವುದಿಲ್ಲ.

ಇನ್ನು ನಾನು ಎಡವಿದ ಕಥೆ. ಇದಕ್ಕೂ ಮೊದಲು, ಬೇರೊಂದು ಊರಿನಲ್ಲಿ ಬೇರೊಬ್ಬ ರೈತರನ್ನು ಸಂದರ್ಶಿಸಲು ಪಟ್ಟಿಯಿಲ್ಲದೆ ಹೋಗಿದ್ದೆ. ಸ್ಕ್ರಿಪ್ಟಿನ ಕ್ರಮದಲ್ಲೇ ತೆಗೆಯುತ್ತ ಹೋದೆ, ಸಂಜೆಯಾಯಿತು, ನಾನು ಪ್ರಶ್ನೆ ಕೇಳುವ ಷಾಟುಗಳು ಹಾಗೆಯೇ ಉಳಿದುವು. ಮರುದಿನ ಕಲಬುರಗಿಯಲ್ಲಿ ಮನೆಯ ಗೋಡೆಯ ಮುಂದೆ ಕುಳಿತು ಅವನ್ನು ತೆಗೆದೆ. ಬೆಳಕು ಬೇರೆಯಾಯಿತು, ಅದು ಸಣ್ಣ ತಪ್ಪು. ದೊಡ್ಡ ತಪ್ಪೆಂದರೆ ಮಾತು ಬೇರೆಯಾಯಿತು. ಹಳ್ಳಿಯಲ್ಲಿ 'ಈ ಬೆಳಿ ಈಗ ಹೆಂಗ್ರಿ?' ಎಂದು ಮೆತ್ತಗೆ ಕೇಳಿದ್ದೆ. ಮನೆಯಲ್ಲಿ 'ಈ ಬೆಳೆಯನ್ನು ಯಾಕೆ ಕೈಬಿಟ್ಟಿರಿ?' ಎಂದು ಕೇಳಿದೆ. ಆ ಹಿರಿಯರು ಉತ್ತರ ಹೇಳುವ ಮೊದಲು ಒಂದು ಗಳಿಗೆ ನೆಲ ನೋಡಿದ್ದರು. ನನ್ನ ಹೊಸ ಪ್ರಶ್ನೆಯ ಹಿಂದೆ ಅದನ್ನು ಕೂಡಿಸಿ ನೋಡಿದರೆ, ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಕಂಡರು! ಅವರು ಆಡದ ಸುಳ್ಳನ್ನು ನಾನು ಅವರ ಮುಖದಲ್ಲಿ ಬರೆದಿದ್ದೆ. ಆ ಭಾಗವನ್ನು ಪೂರ್ತಿ ತೆಗೆದುಹಾಕಿದೆ, ಚಿತ್ರ ಕುಂಟಿತು.

ಆ ಮೇಲಿನಿಂದ ಐದನೆಯ ಷಾಟಿನ ಎದುರಿಗೆ ಪ್ರಶ್ನೆಗಳನ್ನು ಖಾಲಿ ಬಿಡುತ್ತೇನೆ. ಸಂದರ್ಶನ ನಡೆದಾಗ ನಾನು ನಿಜವಾಗಿ ಆಡಿದ ಮಾತನ್ನು ಜೊತೆಗಾರ ಅಲ್ಲಿ ಬರೆದುಕೊಳ್ಳುತ್ತಾನೆ. ರೈತರು ಎದ್ದುಹೋಗುವ ಮೊದಲೇ, ಅವರ ಮುಂದೆಯೇ, ಅದೇ ಮಾತಿನಲ್ಲಿ, ಅದೇ ದನಿಯಲ್ಲಿ ಪ್ರಶ್ನೆಗಳನ್ನು ಮತ್ತೆ ಕೇಳುತ್ತೇನೆ. ಆಲಿಸುವ ಷಾಟಿನಲ್ಲಿ ತಲೆಯಾಡಿಸುವುದಿಲ್ಲ. ಹೌದೆಂದು ತಲೆಯಾಡಿಸಿದರೆ ಅದೂ ಒಂದು ಮಾತೇ ತಾನೆ?

ಕಮಲಾಪುರದ ದಿನ ಹೀಗೆ ನಡೆಯಿತು. ಬೆಳಿಗ್ಗೆ 8 ಗಂಟೆಗೆ, ಮರದ ನೆರಳು ದಟ್ಟವಾಗಿದ್ದಾಗ, ಸಂದರ್ಶನ. ಕ್ಯಾಮರಾ ಅಣಿಮಾಡಲು ಅರ್ಧ ಗಂಟೆ, ಮಾತಿಗೆ 40 ನಿಮಿಷ, ಪ್ರಶ್ನೆಗಳಿಗೆ 20 ನಿಮಿಷ. ಕೊನೆಗೆ ಎಲ್ಲರೂ ಬಾಯಿ ಮುಚ್ಚಿಕೊಂಡು ಒಂದು ನಿಮಿಷ ಬರಿಯ ಸದ್ದನ್ನು ತುಂಬಿಕೊಂಡೆವು. ಮಾತು ಕತ್ತರಿಸಿದ ಕಡೆಗಳಲ್ಲಿ ಆ ಬೇವಿನ ಮರದ ಸದ್ದು ಬೇಕಾಗುತ್ತದೆ. ಅನಂತರ ತೋಟ. ಸಂದರ್ಶನವನ್ನು ಮೊದಲು ಇಡುವುದಕ್ಕೆ ನೆರಳೊಂದೇ ಕಾರಣವಲ್ಲ. ಸ್ಕ್ರಿಪ್ಟಿನಲ್ಲಿ ಇಲ್ಲದ ಮಾತು ಬಂದರೆ ಅದಕ್ಕೆ ತಕ್ಕ ನೋಟ ತೆಗೆಯಲು ತೋಟ ಇನ್ನೂ ಮುಂದಿರಬೇಕು. ಅದಕ್ಕೆಂದೇ ತೋಟದ ಆರು ಷಾಟುಗಳ ಕೆಳಗೆ ಮೂರು ಸಾಲು ಖಾಲಿ ಬಿಟ್ಟಿರುತ್ತೇನೆ.

ಆ ಖಾಲಿ ಸಾಲು ಅಂದು ತುಂಬಿತು. 'ಮುಂದೇನು ಮಾಡಬೇಕಂತೀರಿ, ಕಾಕಾ?' ಎಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹದಿನೆಂಟು ತಿಂಗಳ ಕಾಯಬೇಕು, ತಮ್ಮಾ. ಮಗಗ ಅಷ್ಟು ತಾಳ್ಮಿ ಇಲ್ಲ. ಆದರ ನಮ್ಮಪ್ಪ ಹಚ್ಚಿದ ಗಡ್ಡಿ ಕಂದು ಇನ್ನೂ ಐತಿ, ಅದನ್ನ ನಾ ಬಿಡಂಗಿಲ್ಲ' ಎಂದರು. ಸ್ಕ್ರಿಪ್ಟಿನಲ್ಲಿ ಅಪ್ಪನ ಮಾತೇ ಇರಲಿಲ್ಲ. ತೋಟದಲ್ಲಿ ಆ ಕಂದನ್ನು ತೋರಿಸಿರೆಂದು ಕೇಳಿ, 17ನೆಯ ಷಾಟ್ ಎಂದು ಬರೆದು, ಕ್ಯಾಮರಾವನ್ನು ಅಲುಗಿಸದೆ ಹತ್ತು ಎಣಿಸುವವರೆಗೆ ತೆಗೆದೆವು. ಇಂಥ ನೋಟಗಳನ್ನು ಮೂರು ಎಣಿಸುವಷ್ಟರಲ್ಲಿ ನಿಲ್ಲಿಸಿಬಿಡುವುದು ಹೊಸಬರ ಅಭ್ಯಾಸ. ಕೂಡಿಸುವಾಗ ಮಾತು ಉದ್ದ, ನೋಟ ಗಿಡ್ಡ ಎಂದು ಆಗುತ್ತದೆ.

ಸಂಜೆ ಕಲಬುರಗಿಗೆ ಮರಳಿ ಮಾರ್ಕೆಟ್ಟಿನ ನಾಲ್ಕು ಷಾಟುಗಳನ್ನು ತೆಗೆದು, ಪಟ್ಟಿಯಲ್ಲಿ ಒಂದೊಂದಕ್ಕೂ ಗೀಟು ಹಾಕಿದೆವು. ಚಿತ್ರ ಕೂಡಿಸುವಾಗ ಕಂದಿನ ನೋಟವನ್ನು ಆ ಉತ್ತರದ ಮೇಲೆ ಹೊದಿಸಬೇಕೆಂದು ಜೊತೆಗಾರ ಹೇಳಿದ. ನಾನು ಪಟ್ಟಿಯನ್ನು ತೆಗೆದು ತೋರಿಸಿದೆ. ಐದನೆಯ ಪ್ರಶ್ನೆಯ ಎದುರಿಗೆ 'ಮುಖ' ಎಂದಿತ್ತು. ಕಾಕಾ ಅವರ ಮಾತು ಪೂರ್ತಿ ಮುಗಿದು, ಅವರ ಮೌನವೂ ಮುಗಿದ ಮೇಲೆ ಕಂದು ಬಂತು. ಅದರ ಹಿಂದೆ ಸೂಪರ್ ಮಾರ್ಕೆಟ್ಟಿನ ಗಾಡಿಯಲ್ಲಿ ಹಳದಿ ಹಣ್ಣುಗಳ ನಡುವೆ ಒಂದೇ ಒಂದು ಕೆಂಪು ಚಿಪ್ಪು.