ಕೋಡಿ ಬಿದ್ದಾಗ ಮಾತ್ರ: ನಿವೃತ್ತರ ಮೂರು ಬಕೆಟ್

ಪೂರ್ತಿ ಪೆನ್ಶನ್ ಇರುವವರು ಈ ವಿಡಿಯೊ ನೋಡದಿದ್ದರೂ ನಡೆಯುತ್ತೆ. ಇದು, ರಿಟೈರ್ ಆದ ದಿನ ಒಂದು ಗಂಟು ಕೈಗೆ ಬಂದು, ತಿಂಗಳ ಸಂಬಳ ನಿಂತುಹೋದವರಿಗೆ.

ಶಿರಾಳಕೊಪ್ಪದಲ್ಲಿ ಒಂದು ಜೋಡಿ ಇದೆ ಅಂದುಕೊಳ್ಳಿ. ಯಜಮಾನರಿಗೆ ಅರವತ್ತು ತುಂಬಿದೆ. ಕೈಯಲ್ಲಿ 60 ಲಕ್ಷ. ಪಿಎಫ್ ಪೆನ್ಶನ್ ತಿಂಗಳಿಗೆ 5,000, ಮನೆ ಖರ್ಚು 35,000. ಅಂದರೆ ವರ್ಷಕ್ಕೆ 3.6 ಲಕ್ಷ ಗಂಟಿನಿಂದಲೇ ಬರಬೇಕು.

ಈ ಹಣವನ್ನು ಮೂರು ಬಕೆಟ್ ಮಾಡೋಣ. ಮೊದಲನೆಯದು ನಗದು: ಎರಡು ವರ್ಷದ ಕೊರತೆ, 7.2 ಲಕ್ಷ. ಒಂದಿಷ್ಟು ಉಳಿತಾಯ ಖಾತೆಯಲ್ಲಿ, ಉಳಿದದ್ದು ಎರಡು ಬ್ಯಾಂಕಿನ ಚಿಕ್ಕ ಚಿಕ್ಕ ಎಫ್‌ಡಿಗಳಲ್ಲಿ. ಎರಡು ಬ್ಯಾಂಕ್ ಯಾಕೆ? ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಮಾತ್ರ. ಒಂದೆರಡು ಪರ್ಸೆಂಟ್ ಜಾಸ್ತಿ ಬಡ್ಡಿ ಅಂತ ಪತ್ತಿನ ಸಹಕಾರ ಸಂಘಕ್ಕೆ ಈ ದುಡ್ಡು ಹಾಕಬೇಡಿ. ಸಂಘಕ್ಕೆ ಆ ವಿಮೆ ಇಲ್ಲವೇ ಇಲ್ಲ.

ಎರಡನೆಯದು ಆದಾಯದ್ದು. ಪೋಸ್ಟಾಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷ, ಅದೇ ಗರಿಷ್ಠ ಮಿತಿ. 8.2 ಪರ್ಸೆಂಟ್ ದರಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಖಾತೆಗೆ ಬೀಳುತ್ತೆ. ಹಣ ಇಟ್ಟ ದಿನದ ದರವೇ ಐದು ವರ್ಷ ನಡೆಯುತ್ತೆ. ಇದನ್ನು ಒಂದೇ ಖಾತೆಯಲ್ಲಿ ಇಡುವ ಬದಲು ಮೂರು ನಾಲ್ಕು ಖಾತೆ ಮಾಡಿಸಿ. ಅವಧಿಗೆ ಮುಂಚೆ ಸ್ವಲ್ಪ ಮಾತ್ರ ತೆಗೆಯೋಕೆ ಬರಲ್ಲ, ಖಾತೆಯನ್ನೇ ಮುಚ್ಚಬೇಕು, ದಂಡವೂ ಇದೆ.

ಉಳಿದ 22.8 ಲಕ್ಷ ಬೆಳವಣಿಗೆಗೆ. ಒಂದು ಇಂಡೆಕ್ಸ್ ಫಂಡ್ ಸಾಕು.

ಈಗ ಬಹಳ ಜನ ಗಮನಿಸದ ವಿಷಯ. ಎರಡನೇ ಬಕೆಟ್‌ನ ಬಡ್ಡಿ ವರ್ಷಕ್ಕೆ 2.46 ಲಕ್ಷ. ಹಾಗಾಗಿ ಮೊದಲ ವರ್ಷ ನಗದಿನಿಂದ ಹೋಗುವುದು 3.6 ಲಕ್ಷ ಅಲ್ಲ, 1.14 ಲಕ್ಷ. ಖರ್ಚು ವರ್ಷಕ್ಕೆ ಆರು ಪರ್ಸೆಂಟ್ ಏರಿದರೂ ಆ 7.2 ಲಕ್ಷ ನಾಲ್ಕು ವರ್ಷ ಎಳೆಯುತ್ತೆ. 2008ರ ಜನವರಿಯಲ್ಲಿ ಸೆನ್ಸೆಕ್ಸ್ ಮುಟ್ಟಿದ್ದ ಎತ್ತರಕ್ಕೆ ಮತ್ತೆ ಬಂದದ್ದು 2010ರ ಕೊನೆಗೆ, ಸುಮಾರು ಮೂರು ವರ್ಷ. ಅಂಥ ಕುಸಿತದಲ್ಲೂ ಈ ಮನೆಯವರು ಫಂಡ್ ಮಾರಬೇಕಾಗಲ್ಲ.

ಇನ್ನು ತುಂಬಿಸುವ ವಿಚಾರ. ಸೊರಬದ ಕೆರೆಗಳ ಸಾಲು ನೆನಪಿಸಿಕೊಳ್ಳಿ: ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು, ಬೀಳದಿದ್ದರೆ ಏರಿ ಒಡೆದು ಯಾರೂ ಬಿಡಲ್ಲ. ವರ್ಷಕ್ಕೊಮ್ಮೆ, ಒಂದು ಗೊತ್ತಾದ ದಿನ, ಲೆಕ್ಕ ನೋಡಿ. ಫಂಡ್ 15 ಪರ್ಸೆಂಟ್ ಬೆಳೆದು 26.2 ಲಕ್ಷ ಆಗಿದೆ ಅನ್ನಿ. ನಗದಿನಲ್ಲಿ 6 ಲಕ್ಷ ಚಿಲ್ಲರೆ ಉಳಿದಿದೆ, ಖರ್ಚು ಏರಿದ್ದರಿಂದ ಈಗ ಎರಡು ವರ್ಷಕ್ಕೆ 7.7 ಲಕ್ಷ ಬೇಕು. ಹಾಗಾದರೆ 1.65 ಲಕ್ಷ ಮಾರಿ ಕೆಳಗೆ ಇಳಿಸಿ. ಒಂದು ವರ್ಷ ದಾಟಿದ ಯೂನಿಟ್, ಲಾಭದ ಭಾಗ ಇಪ್ಪತ್ತೆರಡು ಸಾವಿರದ ಆಸುಪಾಸು, 1.25 ಲಕ್ಷದ ಮಿತಿಯೊಳಗೆ ಇರೋದರಿಂದ ತೆರಿಗೆ ಇಲ್ಲ.

ಫಂಡ್ 30 ಪರ್ಸೆಂಟ್ ಬಿದ್ದು 16 ಲಕ್ಷಕ್ಕೆ ಬಂದಿದೆಯಾ? ಏನೂ ಮಾಡಬೇಡಿ, ಆ ವರ್ಷ ತುಂಬಿಸೋದು ಬೇಡ. ಇನ್ನೂ ಒಂದೆರಡು ವರ್ಷ ಮೇಲೇಳದೆ ನಗದು ಒಂದು ವರ್ಷದ ಕೊರತೆಗಿಂತ ಕೆಳಗೆ ಹೋದರೆ, ಆಗ ಎರಡನೇ ಬಕೆಟ್‌ನ ಒಂದು ಖಾತೆ ಮುಚ್ಚಿ. ಎರಡು ವರ್ಷ ಕಳೆದಿದ್ದರೆ ದಂಡ ಅಸಲಿನ ಒಂದು ಪರ್ಸೆಂಟ್. ಬಿದ್ದ ಫಂಡ್ ಮಾರೋದಕ್ಕಿಂತ ಇದು ಅಗ್ಗ. ತೋಟ ಇದ್ದವರಿಗೆ ಇನ್ನೊಂದು ದಾರಿ: ಅಡಿಕೆಗೆ ಒಳ್ಳೆ ರೇಟ್ ಬಂದ ವರ್ಷ ಆ ಹಣವನ್ನೇ ನಗದು ಬಕೆಟ್‌ಗೆ ಹಾಕಿ, ಫಂಡ್ ಮುಟ್ಟಬೇಡಿ. ಕೊಳೆ ರೋಗ ಬಂದ ವರ್ಷ ಅದೂ ಇರಲ್ಲ, ಹಾಗಾಗಿ ಅದನ್ನು ಖಾಯಂ ಆದಾಯ ಅಂತ ಲೆಕ್ಕಕ್ಕೆ ಹಿಡಿಯಬೇಡಿ.

ಎರಡನೇ ಬಕೆಟ್ ತುಂಬಿಸೋದು ಐದನೇ ವರ್ಷ, ಖಾತೆ ಮುಗಿದಾಗ. ಆ ಹೊತ್ತಿಗೆ ವರ್ಷದ ಕೊರತೆ 5 ಲಕ್ಷ ದಾಟಿರುತ್ತೆ, ಬಡ್ಡಿ ಮಾತ್ರ ಅದೇ 2.46. ಈ ಯೋಜನೆಯ ದೌರ್ಬಲ್ಯ ಇಲ್ಲೇ ಇದೆ. ಫಂಡ್ ಚೆನ್ನಾಗಿ ಬೆಳೆದಿದ್ದರೆ ಒಂದು ಭಾಗ ಮಾರಿ, ಮನೆಯವರಿಗೂ ಅರವತ್ತು ತುಂಬಿದ್ದರೆ ಅವರ ಹೆಸರಲ್ಲಿ ಇದೇ ಖಾತೆ ತೆರೆಯಿರಿ; ಅವರಿಗೂ 30 ಲಕ್ಷದ ಮಿತಿ ಬೇರೆಯೇ ಇದೆ. ಬೆಳೆದಿಲ್ಲವಾದರೆ ಖರ್ಚು ಕಡಿಮೆ ಮಾಡೋದೇ ದಾರಿ, ಬಕೆಟ್ ಎಷ್ಟು ಜೋಡಿಸಿದರೂ ಇಲ್ಲದ ದುಡ್ಡು ಬರಲ್ಲ.

ನಿಮ್ಮ ಮನೆಯ ತಿಂಗಳ ಕೊರತೆ ಎಷ್ಟು ಅಂತ ಇವತ್ತೇ ಬರೆದಿಡಿ. ಆ ಅಂಕಿ ಗೊತ್ತಾಗುವವರೆಗೆ ಯಾವ ಏಜೆಂಟ್ ತಂದ ಫಾರಂಗೂ ಸಹಿ ಹಾಕಬೇಡಿ.