ಮನೆ ಹೆಸರು ಏನು ಹೇಳುತ್ತದೆ, ಏನು ಹೇಳುವುದಿಲ್ಲ
(ತುಮಕೂರಿನ ಸತ್ಯಮಂಗಲದಲ್ಲಿ ನಡೆದ ಶರಣ ಸಂಗಮದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಹೆಣ್ಣು ಗಂಡಿನ ಮಾತುಕತೆಗೆ ಕುಳಿತಾಗ ನಮ್ಮಲ್ಲಿ ಮೊದಲು ಬರುವ ಪ್ರಶ್ನೆ, "ನಿಮ್ಮ ಮನೆ ಹೆಸರು ಏನು?" ಉತ್ತರ ಬಂದ ಕೂಡಲೇ ಕೇಳಿದವರು ಮನಸ್ಸಿನಲ್ಲೇ ಒಂದು ಒಳಪಂಗಡವನ್ನು ಗೊತ್ತು ಮಾಡಿಕೊಂಡಿರುತ್ತಾರೆ. ಆ ತೀರ್ಮಾನ ಎಷ್ಟರ ಮಟ್ಟಿಗೆ ಸರಿ? ಮನೆ ಹೆಸರಿನ ಬೇರು ಹುಡುಕುವುದು ಹೇಗೆಂದು ತಿಳಿದರೆ ಇದಕ್ಕೆ ಉತ್ತರ ತಾನಾಗಿ ಸಿಗುತ್ತದೆ.

ಊರಿನಿಂದ ಬಂದ ಹೆಸರನ್ನು ಮೊದಲು ನೋಡೋಣ. ಗುಬ್ಬಿಯೊಳಗೆ ಇರುವವರನ್ನು ಯಾರೂ "ಗುಬ್ಬಿಯವರು" ಎಂದು ಗುರುತಿಸುವುದಿಲ್ಲ, ಅಲ್ಲಿ ಎಲ್ಲರೂ ಗುಬ್ಬಿಯವರೇ. ಆ ಮನೆಯವರು ಕುಣಿಗಲ್ಲಿಗೋ ತುಮಕೂರಿಗೋ ಬಂದು ನೆಲೆಸಿದ ಮೇಲೆ ಅಕ್ಕಪಕ್ಕದವರು ಇಡುವ ಹೆಸರು ಅದು. ನಮ್ಮ ನಾಡು ಕಂಡ ರಂಗಕರ್ಮಿ ವೀರಣ್ಣನವರು ಊರೂರು ತಿರುಗಿ ನಾಟಕ ಆಡಿದ್ದರಿಂದಲೇ "ಗುಬ್ಬಿ ವೀರಣ್ಣ" ಆದರು. ಆದ್ದರಿಂದ ಊರಿನ ಹೆಸರು ಹೊತ್ತ ಮನೆ ಎಂದರೆ ಆ ಊರನ್ನು ಬಿಟ್ಟು ಬಂದ ಮನೆ. ಎಲ್ಲಿಂದ ಹೊರಟರು ಎಂಬುದನ್ನಷ್ಟೇ ಅದು ಹೇಳುತ್ತದೆ. ಅಲ್ಲಿ ಅವರು ಯಾರಾಗಿದ್ದರು ಎಂಬುದನ್ನು ಹೇಳುವುದಿಲ್ಲ.

ಹಳೇ ಮೈಸೂರಿನ ಕಡೆ ಈ ಊರಿನ ಹೆಸರು ಇನಿಷಿಯಲ್ ಒಳಗೆ ಅಡಗಿ ಕುಳಿತಿದೆ. ಎಸ್. ನಿಜಲಿಂಗಪ್ಪನವರ "ಎಸ್" ಎಂದರೆ ಸಿದ್ದವ್ವನಹಳ್ಳಿ. ಅವರು ಹುಟ್ಟಿದ್ದು ಮಾತ್ರ ಆಗಿನ ಬಳ್ಳಾರಿ ಜಿಲ್ಲೆಯ ಹಲುವಾಗಲಿನಲ್ಲಿ. ಹುಟ್ಟಿದ ಊರೇ ಬೇರೆ, ಹೆಸರಿನ ಊರೇ ಬೇರೆ. ನಿಮ್ಮ ತಾತನ ಇನಿಷಿಯಲ್ ಏನೆಂದು ಗೊತ್ತಿದ್ದು, ಅದು ಯಾವ ಊರೆಂದು ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಅವರ ನಂತರ ಅದು ಬರೀ ಒಂದು ಅಕ್ಷರವಾಗಿ ಉಳಿಯುತ್ತದೆ.

ಊರಿನ ಹೆಸರು ಸಿಕ್ಕಿತು ಅಂದುಕೊಳ್ಳಿ. ಯಾವ ಊರು? ನಾವು ಕುಳಿತಿರುವ ಈ ಸತ್ಯಮಂಗಲವನ್ನೇ ತೆಗೆದುಕೊಳ್ಳಿ. ಹಾಸನದಲ್ಲಿ ಒಂದು ಸತ್ಯಮಂಗಲ ಇದೆ, ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿ ಇನ್ನೊಂದಿದೆ. "ಸತ್ಯಮಂಗಲದವರ ಮನೆ" ಎಂಬ ಹೆಸರು ಕೇಳಿದ ಮಾತ್ರಕ್ಕೆ ಇಲ್ಲಿಯವರೇ ಎನ್ನಲಾಗದು. ಇದನ್ನು ಬಿಡಿಸಲು ಎರಡು ದಾರಿಗಳಿವೆ.

ಒಂದು, ಮನೆದೇವರು. ಊರು ಬಿಟ್ಟವರು ಹೊಲ ಬಿಡುತ್ತಾರೆ, ಮನೆ ಬಿಡುತ್ತಾರೆ, ಆದರೆ ಮನೆದೇವರನ್ನು ಬೇಗ ಬಿಡುವುದಿಲ್ಲ. ಮಗುವಿನ ಮುಡಿ ತೆಗೆಸಲು ಯಾವ ಊರಿನ ವೀರಭದ್ರನ ಗುಡಿಗೆ ಹೋಗುತ್ತೀರಿ, ತಲೆತಲಾಂತರದಿಂದ ಯಾವ ಮಠಕ್ಕೆ ನಡೆದುಕೊಳ್ಳುತ್ತೀರಿ ಎಂದು ಅಜ್ಜಿಯರನ್ನು ಕೇಳಿ. ಆ ಗುಡಿ, ಆ ಮಠ ಇರುವ ಸೀಮೆಯಲ್ಲೇ ಹೆಸರಿನ ಊರೂ ಸಿಕ್ಕಿದರೆ ನಂಬಬಹುದು. ಎರಡಕ್ಕೂ ತಾಳೆಯಾಗದಿದ್ದರೆ ಇನ್ನೂ ಹುಡುಕಬೇಕು.

ಇನ್ನೊಂದು, ಕಾಗದಪತ್ರ. ಎಲ್ಲರೂ ಮೊದಲು ಪಹಣಿ ತೆಗೆಸುತ್ತಾರೆ. ಅದರಲ್ಲಿ ಖಾತೆದಾರರ ಹೆಸರು, ತಂದೆಯ ಹೆಸರು ಇರುತ್ತದೆ, ಮನೆ ಹೆಸರು ಹೆಚ್ಚಾಗಿ ಬಿಟ್ಟುಹೋಗಿರುತ್ತದೆ. ಅದು ಉಳಿದಿರುವುದು ಹಳೆಯ ಕ್ರಯಪತ್ರದ ಚಕ್ಕುಬಂದಿಯಲ್ಲಿ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾರ ತೋಟ ಎಂದು ಬರೆಯುವಾಗ ಊರಿನವರು ಬಾಯಲ್ಲಿ ಕರೆಯುತ್ತಿದ್ದ ಹೆಸರನ್ನೇ ಹಾಕುತ್ತಿದ್ದರು. ಹಾಗಾಗಿ ನಿಮ್ಮ ಪತ್ರದಲ್ಲಿ ಸಿಗದ ನಿಮ್ಮ ಮನೆ ಹೆಸರು ಪಕ್ಕದ ಹೊಲದವರ ಪತ್ರದಲ್ಲಿ ಸಿಗಬಹುದು. ಅವರ ಹತ್ತಿರ ಒಂದು ಮಾತು ಕೇಳಿ ನೋಡಿ.

ಕೆಲವು ಸಲ ಹೆಸರಿನ ಊರು ಎಲ್ಲಿಯೂ ಕಾಣುವುದಿಲ್ಲ. ಬಸ್ಸಿನ ಬೋರ್ಡಿನಲ್ಲಿಲ್ಲ, ಯಾರ ಬಾಯಲ್ಲೂ ಇಲ್ಲ. ಅಷ್ಟಕ್ಕೇ ಹೆಸರು ಸುಳ್ಳೆಂದು ಕೈಬಿಡಬೇಡಿ. ಕಂದಾಯ ದಾಖಲೆಯಲ್ಲಿ ಬೇಚಿರಾಕ್ ಗ್ರಾಮಗಳೆಂದು ಇವೆ. ಜನ ಬಿಟ್ಟುಹೋಗಿ ಒಂದು ಮನೆಯೂ ಉಳಿದಿಲ್ಲ, ಆದರೆ ಸರ್ವೆ ನಂಬರುಗಳು, ಗಡಿ, ಹೆಸರು ಎಲ್ಲ ಹಾಗೇ ಇವೆ. ತಾಲ್ಲೂಕು ಕಚೇರಿಯ ಗ್ರಾಮಗಳ ಪಟ್ಟಿಯಲ್ಲಿ ಅವನ್ನು ನೋಡಿ. ಅದಕ್ಕೂ ಹಿಂದಕ್ಕೆ ಹೋಗಬೇಕಾದರೆ ರೈಸ್ ಅವರು 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 12ನೆಯ ಸಂಪುಟ ಇದೆ, ಅದು ತುಮಕೂರು ಜಿಲ್ಲೆಯ ಶಾಸನಗಳದ್ದೇ. ಅದರಲ್ಲಿ ನಿಮ್ಮ ಮನೆತನ ಸಿಗಲಾರದು, ಊರಿನ ಹಳೆಯ ಹೆಸರು ಸಿಗಬಹುದು.

ಇನ್ನು ಕಸುಬಿನ ಹೆಸರುಗಳು. ಎಡವುವುದು ಹೆಚ್ಚಾಗಿ ಇಲ್ಲಿಯೇ. "ಗಾಣದವರ ಮನೆ" ಎಂಬ ಹೆಸರಿದೆ ಎನ್ನಿ. ಅವರು ಗಾಣ ಆಡಿಸುತ್ತಿದ್ದರು ಎಂದು ಥಟ್ಟನೆ ಹೇಳಿಬಿಡುತ್ತೇವೆ. ಇರಬಹುದು. ಗಾಣದ ಪಕ್ಕದಲ್ಲಿ ಮನೆ ಕಟ್ಟಿದ್ದರಿಂದಲೂ ಆ ಹೆಸರು ಬಂದಿರಬಹುದು. ಗಾಣವಿದ್ದ ಜಾಗವನ್ನು ಕೊಂಡು ಬಂದವರಿಗೂ ಅದು ಅಂಟಿರಬಹುದು. ಹಿತ್ತಲಲ್ಲಿ ಗಾಣದ ಕಲ್ಲು ಇದ್ದರೆ ಗಾಣ ಇತ್ತು ಎಂಬುದಕ್ಕೆ ಸಾಕ್ಷಿ, ಅದನ್ನು ಆಡಿಸಿದವರು ಯಾರು ಎಂಬುದಕ್ಕಲ್ಲ. ಆ ಮನೆಯವರು ಜಾಗಕ್ಕೆ ಬಂದದ್ದು ಯಾವಾಗ ಎಂದು ಪತ್ರ ನೋಡಿಯೇ ಹೇಳಬೇಕು.

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ತೋಂಟದ ಸಿದ್ಧಲಿಂಗೇಶ್ವರರು. ಹೆಸರು ಮಾತ್ರ ಕೇಳಿದವರು ತೋಟಗಾರಿಕೆ ಮಾಡುತ್ತಿದ್ದರೇನೋ ಅಂದುಕೊಳ್ಳಬಹುದು. ಅವರು ಹರದನಹಳ್ಳಿಯ ಗುರುಪರಂಪರೆಯವರು. ಕುಣಿಗಲ್ ತಾಲ್ಲೂಕಿನ ಕಗ್ಗೆರೆಯ ಒಂದು ತೋಟದಲ್ಲಿ ಶಿವಯೋಗಕ್ಕೆ ಕುಳಿತರು, ಅದರಿಂದ "ತೋಂಟದ" ಎಂಬುದು ಹೆಸರಿಗೆ ಸೇರಿತು. ಅವರ ಗದ್ದುಗೆ ಇರುವುದು ಎಡೆಯೂರಿನಲ್ಲಿ. ಆ ಹೆಸರು ಮುಂದೆ ಗದಗಿನ ತೋಂಟದಾರ್ಯ ಮಠದವರೆಗೂ ನಡೆದುಹೋಯಿತು. ಕುಳಿತ ಜಾಗದಿಂದ ಬಂದ ಹೆಸರು ಒಂದು ಪರಂಪರೆಯ ಹೆಸರಾಯಿತು. ಅದರಲ್ಲಿ ಹುಟ್ಟಿನ ಸುದ್ದಿಯೇ ಇಲ್ಲ.

ಕಾಯಕದಿಂದಲೇ ಬಂದ ಹೆಸರುಗಳನ್ನು ನೋಡಿ. ಮೋಳಿಗೆ ಎಂದರೆ ಕಟ್ಟಿಗೆಯ ಹೊರೆ. ಮೋಳಿಗೆ ಮಾರಯ್ಯನವರು ಕಾಶ್ಮೀರದ ಅರಸುತನ ಬಿಟ್ಟು ಕಲ್ಯಾಣಕ್ಕೆ ಬಂದು ಸೌದೆ ಹೊತ್ತರು ಎಂದು ನಮ್ಮ ಪರಂಪರೆ ಹೇಳುತ್ತದೆ. ಹೆಸರಿನಲ್ಲಿ ಉಳಿದದ್ದು ಅರಸುತನವಲ್ಲ, ಸೌದೆಯ ಹೊರೆ. ಆಯ್ದಕ್ಕಿ ಲಕ್ಕಮ್ಮ, ಕೊಟ್ಟಣದ ಸೋಮವ್ವ ಇವರ ಹೆಸರುಗಳೂ ಹಾಗೆಯೇ. ಅಕ್ಕಿ ಆಯ್ದದ್ದು, ಭತ್ತ ಕುಟ್ಟಿದ್ದು ಹೆಸರಾಯಿತು. ಇನ್ನು ಹಡಪ ಎಂದರೆ ಎಲೆ ಅಡಿಕೆಯ ಚೀಲ. ಅದನ್ನು ಹಿಡಿದು ಬಸವಣ್ಣನವರ ಜೊತೆಗಿದ್ದ ಅಪ್ಪಣ್ಣನವರು ಹಡಪದ ಅಪ್ಪಣ್ಣ ಆದರು. ಇಂದು ಆ ಪದ ಕಿವಿಗೆ ಬಿದ್ದರೆ ಕ್ಷೌರಿಕ ಸಮುದಾಯವೊಂದೇ ನೆನಪಿಗೆ ಬರುತ್ತದೆ. ಒಬ್ಬ ಶರಣರ ಕೈಯಲ್ಲಿದ್ದ ಚೀಲದ ಹೆಸರನ್ನು ನಾವು ಹುಟ್ಟಿನ ಗುರುತು ಮಾಡಿಕೊಂಡೆವು.

ಇಲ್ಲಿಗೆ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಊರಿನ ಹೆಸರು ಹಿರಿಯರು ನಡೆದ ದಾರಿಯನ್ನು ಹೇಳುತ್ತದೆ. ಕಸುಬಿನ ಹೆಸರು ಯಾವುದೋ ಒಂದು ತಲೆಮಾರಿನ ಕೈಕೆಲಸವನ್ನೋ, ಪಕ್ಕದಲ್ಲಿದ್ದ ಗಾಣವನ್ನೋ ಹೇಳುತ್ತದೆ. ಒಳಪಂಗಡವನ್ನು ನಿರ್ಧರಿಸುವಷ್ಟು ಸಾಕ್ಷಿ ಎರಡರಲ್ಲೂ ಇಲ್ಲ. ಅಷ್ಟು ತೆಳುವಾದ ಸಾಕ್ಷಿಯನ್ನು ಹಿಡಿದು, ಲಿಂಗ ಕಟ್ಟಿಕೊಂಡ ಇಬ್ಬರು ಮಕ್ಕಳ ಮದುವೆಯನ್ನು ಮುರಿಯುವವರನ್ನು ನಾನು ನೋಡಿದ್ದೇನೆ. ನೀವೂ ನೋಡಿದ್ದೀರಿ. ಇಷ್ಟಲಿಂಗ ಒಂದೇ ಎಂದು ಮಠದಲ್ಲಿ ಹೇಳಿ, ಮನೆಯ ಜಗಲಿಯಲ್ಲಿ ಹೆಸರನ್ನು ತೂಗುವುದು ಶರಣರಿಗೆ ಒಪ್ಪುವ ನಡೆಯಲ್ಲ.

ಮನೆ ಹೆಸರನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಅದರ ಬೇರು ಹುಡುಕಿ, ಹಿರಿಯರ ಬಾಯಿಂದ ಕೇಳಿದ್ದನ್ನು ಬರೆದಿಡಿ, ಚಕ್ಕುಬಂದಿಯ ಜೊತೆ ತಾಳೆ ನೋಡಿ. ಅಜ್ಜ ಯಾವ ಊರಿನಿಂದ ಬಂದರು, ಅಜ್ಜಿ ಯಾವ ಕಾಯಕ ಮಾಡಿದರು ಎಂದು ಮಕ್ಕಳಿಗೆ ಹೇಳಿ. ನೆಂಟಸ್ತನದ ಮಾತಿಗೆ ಕುಳಿತಾಗ ಮಾತ್ರ ಆ ಹೆಸರು ಕೇಳಿ ಹುಡುಗ ಹುಡುಗಿಯನ್ನು ಅಳೆಯಬೇಡಿ.